ಮನೆಯ ತಾರಸಿಗೆ ಎಷ್ಟು ದೊಡ್ಡ ನೀರಿನ ತೊಟ್ಟಿ?

ತಾರಸಿಯ ಮೇಲೆ ತೊಟ್ಟಿ ಇಡಿಸುವಾಗ ಅಂಗಡಿಯಲ್ಲಿ ಸಿಕ್ಕಿದ ದೊಡ್ಡದನ್ನು ತರುವುದು ವಾಡಿಕೆ. ಮನೆಗೆ ಬೇಕಾದ ನೀರು ಎಷ್ಟು, ತೊಟ್ಟಿ ಕೂರುವ ಜಾಗ ಎಷ್ಟು ಎಂಬ ಎರಡನ್ನೂ ಮೊದಲೇ ಲೆಕ್ಕ ಹಾಕತಕ್ಕದ್ದು.

ಆರು ಜನರ ಒಂದು ರೈತ ಕುಟುಂಬವನ್ನು ತೆಗೆದುಕೊಳ್ಳೋಣ. ಸ್ನಾನ, ಅಡಿಗೆ, ಬಟ್ಟೆ, ಶೌಚಾಲಯ ಎಲ್ಲ ಸೇರಿ ತಲೆಗೆ ದಿನಕ್ಕೆ 100 ಲೀಟರು ಹಿಡಿದರೆ 600 ಲೀಟರು ಆಗುತ್ತದೆ. ಕರೆಂಟು ಕೈಕೊಟ್ಟು ಕೊಳವೆ ಬಾವಿಯ ಪಂಪು ಒಂದು ದಿನ ನಿಂತರೂ ತೊಂದರೆಯಾಗದಂತೆ ಎರಡು ದಿನದ ನೀರು, ಅಂದರೆ 1200 ಲೀಟರು ಬೇಕು. ದನಕರುಗಳ ನೀರನ್ನು ಇದಕ್ಕೆ ಸೇರಿಸಬಾರದು. ಕರೆಯುವ ಹಸು ಒಂದೇ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಕುಡಿಯಬಲ್ಲದು. ಅದಕ್ಕೆ ನೆಲದ ಮೇಲಿನ ಬಾನಿಯೇ ಸರಿ.

ದುಂಡು ತೊಟ್ಟಿಯ ಅಡ್ಡಳತೆ 1.2 ಮೀಟರು, ನೀರು ನಿಲ್ಲುವ ಎತ್ತರ 1.35 ಮೀಟರು ಎನ್ನೋಣ. ಅಡ್ಡಳತೆಯ ಅರ್ಧ 0.6. ಅದನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿದರೆ ತಳದ ವಿಸ್ತೀರ್ಣ 1.13 ಚದರ ಮೀಟರು. ಇದನ್ನು ಎತ್ತರದಿಂದ ಗುಣಿಸಿದರೆ ಸುಮಾರು 1500 ಲೀಟರು. ಆದರೆ ಹೊರಗೊಳವೆಯ ಕೆಳಗೆ 10 ಸೆಂ.ಮೀ., ತುಂಬಿ ಹರಿಯುವ ಕೊಳವೆಯ ಮೇಲೆ 10 ಸೆಂ.ಮೀ. ಉಪಯೋಗಕ್ಕೆ ಬಾರದು. ಉಳಿಯುವುದು ಸುಮಾರು 1300 ಲೀಟರು. ಆದ್ದರಿಂದ ಈ ಕುಟುಂಬಕ್ಕೆ 1500ರ ತೊಟ್ಟಿ ಹೆಚ್ಚಾಗುವುದಿಲ್ಲ.

ಇನ್ನು ಜಾಗ. ಪ್ಯಾರಪೆಟ್ ಗೋಡೆಗೂ ಮೆಟ್ಟಿಲ ಕೋಣೆಯ ಗೋಡೆಗೂ ನಡುವೆ 1.8 ಮೀಟರು ಇದೆಯೆನ್ನಿ. ಪ್ಯಾರಪೆಟ್ ಕಡೆ 15 ಸೆಂ.ಮೀ., ಇನ್ನೊಂದು ಕಡೆ ಆಳು ನಿಂತು ಮುಚ್ಚಳ ತೆಗೆದು ತೊಳೆಯಲು 45 ಸೆಂ.ಮೀ. ಬಿಟ್ಟರೆ, 1.2 ಮೀಟರಿನ ತೊಟ್ಟಿ ಸರಿಯಾಗಿ ಕೂರುತ್ತದೆ. ಒಂದೇ ಅಳತೆಯ ಲೀಟರಿಗೆ ಗಿಡ್ಡ, ಎತ್ತರ ಎರಡು ಬಗೆಯ ತೊಟ್ಟಿಗಳೂ ಬರುವುದರಿಂದ ಕೊಳ್ಳುವಾಗ ಟೇಪು ಹಿಡಿದು ಅಡ್ಡಳತೆ ನೋಡಬೇಕು.

ಜಾಗವಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತುಂಬಿದ ಈ ತೊಟ್ಟಿ ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿ.ಗ್ರಾಂ. ಹೊರೆಗೆ ಲೆಕ್ಕ ಹಾಕಿರುತ್ತಾರೆ. ತೊಟ್ಟಿಯ ತಳದಲ್ಲಿ ಬೀಳುವುದು ಅದರ ಒಂಬತ್ತು ಪಟ್ಟು. ಆದಕಾರಣ ಕೋಣೆಯ ನಡುವೆ ಸೂರಿನ ಮೇಲೆ ಇಡದೆ, ಕೆಳಗೆ ಭಾರ ಹೊರುವ ಗೋಡೆಗಳಿರುವ ಕಡೆ ಇಡಬೇಕು. ಬಚ್ಚಲು ಮನೆಯ ಮೇಲಿನ ಜಾಗ ಉತ್ತಮ. ಅದರ ಗೋಡೆಗಳು ಹತ್ತಿರ ಹತ್ತಿರ ಇರುತ್ತವೆ. ಎರಡು ಗೋಡೆಗಳ ನೇರಕ್ಕೆ ಗಿಡ್ಡ ಇಟ್ಟಿಗೆ ಕಟ್ಟೆ ಎಬ್ಬಿಸಿ, ಕಬ್ಬಿಣದ ತೊಲೆ ಅಡ್ಡ ಹಾಕಿ, ಮೇಲೆ ಕಲ್ಲು ಚಪ್ಪಡಿ ಹಾಸಬೇಕು. ತೊಲೆಯ ಗಾತ್ರವನ್ನು ಎಂಜಿನಿಯರರಿಂದ ತಿಳಿಯುವುದು ಲೇಸು. ಪ್ಲಾಸ್ಟಿಕ್ ತೊಟ್ಟಿಯ ತಳ ಪೂರ್ತಿ ಚಪ್ಪಡಿಗೆ ತಾಗಿರಬೇಕು. ಮೂರು ಕಲ್ಲುಗಳ ಮೇಲೆ ಕೂರಿಸಿದರೆ ತಳ ಜಗ್ಗಿ ಸೀಳುತ್ತದೆ. ತುಂಬಿಸಿದ ಮೇಲೆ ಕೆಲವು ವಾರ ಕೋಣೆಯ ಒಳಗಿನಿಂದ ಸೂರನ್ನು ನೋಡುತ್ತಿರಿ. ಹೊಸ ಬಿರುಕು ಅಥವಾ ಜಗ್ಗು ಕಂಡರೆ ಕೂಡಲೇ ನೀರು ಖಾಲಿ ಮಾಡಿರಿ.

ಇಂಥ ಗೋಡೆಗಳ ಆಸರೆ ಸಿಗದ ಮನೆಯಲ್ಲಿ, ಮುಖ್ಯ ಸಂಗ್ರಹಕ್ಕೆ ನೆಲದಲ್ಲಿ ಸಂಪು ಕಟ್ಟಿಸಿ ಮೇಲೆ 750 ಲೀಟರಿನ ತೊಟ್ಟಿ ಇಟ್ಟುಕೊಳ್ಳಬಹುದು. ಆಗ ಭಾರ ಅರ್ಧಕ್ಕಿಳಿಯುತ್ತದೆ. ಅದನ್ನೂ ಗೋಡೆ ಅಥವಾ ತೊಲೆಯ ನೇರಕ್ಕೇ ಇಡಬೇಕು. ಮೇಲೆ ಇರುವುದು ಒಂದೇ ದಿನದ ನೀರಾದ್ದರಿಂದ, ಕರೆಂಟು ಬಂದಾಗಲೆಲ್ಲ ಅದನ್ನು ತುಂಬಿಸುತ್ತಿರಬೇಕು.