ನಲವತ್ತು ದಿನ ಇಪ್ಪತ್ತೊಂದಾಗುವ ಲೆಕ್ಕ

ಮೈಸೂರಿನಲ್ಲಿ ಕ್ಲಿನಿಕ್‌ಗಳಿಗೆ ಟೋಕನ್ ಆ್ಯಪ್ ಮಾಡುವ ನಾಲ್ವರ ತಂಡ ಇದೆ ಎಂದುಕೊಳ್ಳಿ. ಎರಡೆರಡು ವಾರಕ್ಕೆ ಇಷ್ಟಿಷ್ಟು ಕೆಲಸವೆಂದು ಗೊತ್ತುಮಾಡಿ ಮುಗಿಸುವುದು ಅವರ ಪದ್ಧತಿ. ಆ ಅವಧಿಗೇ ಸ್ಪ್ರಿಂಟ್ ಎನ್ನುತ್ತಾರೆ. ನಾಲ್ವರು, ಹತ್ತು ದಿನ. ಒಟ್ಟು 40 ದಿನದ ದುಡಿಮೆ. ಕಾಗದದ ಮೇಲೆ.

ಈ ಬಾರಿ ನಡುವೆ ದಸರಾ. ಆಯುಧಪೂಜೆ, ವಿಜಯದಶಮಿ ಎರಡೂ ರಜೆ, ನಾಲ್ವರಿಂದ 8 ದಿನ ಹೋಯಿತು. ಟೆಸ್ಟಿಂಗ್ ಮಾಡುವವರು ಕೊನೆಯ ಮೂರು ದಿನ ಊರಿಗೆ ಹೊರಟಿದ್ದಾರೆ. ಸಭೆಗಳಿಗೆ ತಲಾ ಒಂದು ದಿನ. ಕ್ಲಿನಿಕ್‌ಗಳಿಂದ ಬರುವ ಫೋನು, ತುರ್ತು ರಿಪೇರಿಗಳಿಗೆ ಇನ್ನೊಂದು ನಾಲ್ಕು. ಕೈಯಲ್ಲಿ ಉಳಿದದ್ದು 21.

ಇಷ್ಟರಲ್ಲಿ ಎಷ್ಟು ಕೆಲಸ ಹಿಡಿಸುತ್ತದೆ? ಇಲ್ಲಿ ಉತ್ಸಾಹವನ್ನು ಕೇಳಬಾರದು, ಹಿಂದಿನ ಲೆಕ್ಕವನ್ನು ನೋಡಬೇಕು. ಈ ತಂಡ ಪ್ರತಿ ಕೆಲಸದ ಗಾತ್ರಕ್ಕೆ ಅಂದಾಜಿನ ಪಾಯಿಂಟ್ ಕೊಡುತ್ತದೆ. ಕಳೆದ ಮೂರು ಸ್ಪ್ರಿಂಟ್‌ಗಳಲ್ಲಿ ಪೂರ್ತಿ ಮುಗಿದದ್ದು 19, 22, 16, ಸರಾಸರಿ 19. ಆಗ ಇದೇ ರೀತಿ ಕಳೆದ ಮೇಲೆ ಸುಮಾರು 28 ದಿನ ಸಿಕ್ಕಿದ್ದವು. ಈಗ ಅದರ ಮುಕ್ಕಾಲು ಭಾಗ, ಹಾಗಾಗಿ 14 ಪಾಯಿಂಟ್. ‘ತೊಂಬತ್ತು ಪರ್ಸೆಂಟ್ ಆಗಿದೆ’ ಎನ್ನುವ ಕೆಲಸಕ್ಕೆ ಇಲ್ಲಿ ಸೊನ್ನೆ. ಕೇಳಲು ಕಠೋರ, ಆದರೆ ಅರ್ಧ ಕೆಲಸಕ್ಕೆ ಅರ್ಧ ಅಂಕ ಕೊಡಲು ಶುರುವಾದರೆ ಸರಾಸರಿ ಉಬ್ಬುತ್ತದೆ, ಮುಂದಿನ ಯೋಜನೆಯೂ ಅದನ್ನೇ ನಂಬುತ್ತದೆ.

ಇನ್ನು ಬ್ಯಾಕ್‌ಲಾಗ್, ಅಂದರೆ ಮಾಡಬೇಕಾದ ಕೆಲಸಗಳ ಸಾಲು. ಒಂದೇ ಟೋಕನ್ ಇಬ್ಬರಿಗೆ ಹೋಗುವ ದೋಷ (3), ಎಸ್ಸೆಮ್ಮೆಸ್ ಜ್ಞಾಪನೆ (5), ತಿಂಗಳ ವರದಿ (5), ಆನ್‌ಲೈನ್ ಪಾವತಿ (8). ಮಾಲೀಕರ ಕಣ್ಣು ಪಾವತಿಯ ಮೇಲಿದೆ. ಆದರೆ ಪಾವತಿ ಕಂಪನಿಯ ಒಪ್ಪಿಗೆ ಇನ್ನೂ ಬಂದಿಲ್ಲ; ಈಗ ಎತ್ತಿಕೊಂಡರೆ ನಡುವೆಯೇ ನಿಲ್ಲುತ್ತದೆ.

ಕುತೂಹಲದ ಸಂಗತಿ ಎಂದರೆ ಸಾಲಿನ ತಲೆಗೆ ಬಂದದ್ದು ಯಾರೂ ಗಮನಿಸದ ಒಂದು ಪಾಯಿಂಟಿನ ಕೆಲಸ. ಭಾರತದಲ್ಲಿ ಇಂಥ ಎಸ್ಸೆಮ್ಮೆಸ್ ಕಳಿಸಲು ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಅರ್ಜಿ ಹಾಕಲು ಹೆಚ್ಚು ಹೊತ್ತು ಬೇಡ, ಒಪ್ಪಿಗೆಗೆ ಕಾಯಬೇಕು. ಅದಕ್ಕೇ ಮೊದಲ ದಿನವೇ ಅರ್ಜಿ. ನಂತರ ಟೋಕನ್ ದೋಷ, ಜ್ಞಾಪನೆ, ವರದಿ. ಸರಿಯಾಗಿ 14.

ಲೆಕ್ಕ ಕೂಡಿತು ಎಂದು ಏಳುವ ಹೊತ್ತಿಗೆ ಇನ್ನೊಂದು ತೊಡಕು. ಟೆಸ್ಟಿಂಗ್‌ನವರು ಊರಿಗೆ ಹೋದ ಮೇಲೆ ಬರೆದ ಕೋಡ್ ಪರೀಕ್ಷೆಯಾಗದೆ ಕೂರುತ್ತದೆ. ಎಲ್ಲರ ದಿನಗಳನ್ನು ಒಂದೇ ರಾಶಿಗೆ ಸುರಿದರೆ ಇದು ಕಾಣುವುದಿಲ್ಲ. ಆದ್ದರಿಂದ ಕೊನೆಯಲ್ಲಿರುವ ವರದಿಯನ್ನು ತಂಡ ಎರಡಾಗಿ ಒಡೆಯಿತು: ಪರದೆಯಲ್ಲಿ ತೋರಿಸುವ 3 ಪಾಯಿಂಟಿನ ಭಾಗ ಈ ಬಾರಿ, ಪಿಡಿಎಫ್ ಇಳಿಸಿಕೊಳ್ಳುವ 2 ಪಾಯಿಂಟಿನ ಭಾಗ ಮುಂದಿನ ಬಾರಿ. ಯೋಜನೆ 12ಕ್ಕೆ ಇಳಿಯಿತು. ಮಾಲೀಕರಿಗೆ ಅದನ್ನು ಸ್ಪ್ರಿಂಟ್ ಶುರುವಾಗುವ ಮುಂಚೆಯೇ ಹೇಳಿದರು.