ಬಾಡಿಗೆ ಮತ್ತು ಕ್ರಯ ದಸ್ತಾವೇಜುಗಳ ನೋಂದಣಿ ಪರಿಶೀಲನೆ (ಬೀದರ್ ಜಿಲ್ಲೆ)

ದಸ್ತಾವೇಜಿನ ನೋಂದಣಿ ಪರಿಶೀಲನೆ ಎಂದರೆ, ಸ್ಥಿರಾಸ್ತಿಗೆ ಸಂಬಂಧಿಸಿದ ಬಾಡಿಗೆ ಕರಾರು, ಕ್ರಯದ ಕರಾರು ಅಥವಾ ಕ್ರಯಪತ್ರವು ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕದಲ್ಲಿ ನಿಜವಾಗಿಯೂ ದಾಖಲಾಗಿದೆಯೇ ಎಂಬುದನ್ನು ಆ ಕಚೇರಿಯ ದಾಖಲೆಯಿಂದಲೇ ಖಚಿತಪಡಿಸಿಕೊಳ್ಳುವುದು. ಬೀದರ್ ಜಿಲ್ಲೆಯಲ್ಲಿ ಬೀದರ್, ಭಾಲ್ಕಿ ಮತ್ತು ಔರಾದ ಪಟ್ಟಣಗಳಲ್ಲಿ ಇಂತಹ ಕಚೇರಿಗಳಿವೆ. ಇವು ಕರ್ನಾಟಕ ಸರ್ಕಾರದ ನೋಂದಣಿ ಮತ್ತು ಮುದ್ರಾಂಕ ಇಲಾಖೆಗೆ ಸೇರಿದ್ದು, 1908ರ ನೋಂದಣಿ ಕಾಯ್ದೆಯಂತೆ ಕೆಲಸ ಮಾಡುತ್ತವೆ. ಈ ಭಾಗದ ಆಡುಮಾತಿನಲ್ಲಿ ನೋಂದಣಿಯನ್ನು 'ರಿಜಿಸ್ಟ್ರಿ' ಎನ್ನುವುದುಂಟು.

## ಛಾಪಾ ಕಾಗದ ಮತ್ತು ನೋಟರಿ ಮುದ್ರೆ

ಇ-ಸ್ಟಾಂಪ್ ಕಾಗದದ ಮೇಲೆ ಬರೆದು, ನೋಟರಿಯ ಮುದ್ರೆ ಹಾಕಿಸಿದ ಕರಾರನ್ನು ಅನೇಕರು ನೋಂದಾಯಿತ ದಸ್ತಾವೇಜು ಎಂದೇ ಭಾವಿಸುತ್ತಾರೆ. ಇದು ಸರಿಯಲ್ಲ. ಇ-ಸ್ಟಾಂಪ್ ಕಾಗದದ ಮೇಲಿನ `IN-KA` ಎಂದು ಆರಂಭವಾಗುವ ಸಂಖ್ಯೆಯು ಇಷ್ಟು ಮುದ್ರಾಂಕ ಶುಲ್ಕ ಪಾವತಿಯಾಗಿದೆ ಎಂಬುದನ್ನು ಮಾತ್ರ ಹೇಳುತ್ತದೆ. ನೋಟರಿಯ ಮುದ್ರೆಯು ಸಹಿಯ ದೃಢೀಕರಣಕ್ಕೆ ಸಂಬಂಧಿಸಿದ್ದು. ಇವೆರಡರಿಂದಲೂ ಉಪನೋಂದಣಾಧಿಕಾರಿಯ ಪುಸ್ತಕದಲ್ಲಿ ಒಂದು ಸಾಲೂ ಸೇರುವುದಿಲ್ಲ.

ಎಲ್ಲ ಬಾಡಿಗೆ ಕರಾರುಗಳಿಗೂ ನೋಂದಣಿ ಕಡ್ಡಾಯವಲ್ಲ. ಕಾಯ್ದೆಯ 17ನೇ ಕಲಮಿನಂತೆ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ, ವರ್ಷದಿಂದ ವರ್ಷಕ್ಕೆ ಮುಂದುವರಿಯುವ, ಅಥವಾ ವಾರ್ಷಿಕ ಬಾಡಿಗೆಯನ್ನು ಗೊತ್ತುಪಡಿಸಿದ ಗುತ್ತಿಗೆಗಳನ್ನು ನೋಂದಾಯಿಸಲೇಬೇಕು. ಮನೆ ಬಾಡಿಗೆ ಕರಾರುಗಳು ಸಾಮಾನ್ಯವಾಗಿ 11 ತಿಂಗಳಿಗೆ ಇರುವುದಕ್ಕೆ ಇದೇ ಕಾರಣ. ಹೀಗಾಗಿ 11 ತಿಂಗಳ, ಮಾಸಿಕ ಬಾಡಿಗೆಯ ಕರಾರು ಕಚೇರಿಯಲ್ಲಿ ಸಿಗದಿದ್ದರೆ ಅದು ದೋಷವಲ್ಲ. ಆದರೆ ಬೀದರ್ ನಗರದ ಅಂಗಡಿಯೊಂದನ್ನು ಮೂರು ವರ್ಷಕ್ಕೆ ಪಡೆದವನ ಬಳಿ ನೋಟರಿ ಕರಾರು ಮಾತ್ರ ಇದ್ದರೆ, ಆ ಮೂರು ವರ್ಷಗಳ ಹಕ್ಕನ್ನು ಅದೇ ಕಾಗದದಿಂದ ನ್ಯಾಯಾಲಯದಲ್ಲಿ ಸಾಧಿಸುವುದಕ್ಕೆ 49ನೇ ಕಲಮು ಅಡ್ಡಬರುತ್ತದೆ.

ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಕ್ರಯವು ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ಕ್ರಯದ ಕರಾರು ಮುಂದೆ ಮಾರುವ ಒಪ್ಪಂದ ಮಾತ್ರ. ಅದನ್ನು ನೋಂದಾಯಿಸಿದರೂ ಒಡೆತನ ವರ್ಗವಾಗುವುದಿಲ್ಲ.

## ಹಿಂಬರಹವನ್ನು ಓದುವುದು

ನೋಂದಾಯಿತ ದಸ್ತಾವೇಜಿನಲ್ಲಿ ಕಚೇರಿಯ ಹಿಂಬರಹಗಳಿರುತ್ತವೆ. ಯಾರು, ಯಾವ ದಿನ ಹಾಜರುಪಡಿಸಿದರು, ಎಷ್ಟು ಶುಲ್ಕ ಕೊಟ್ಟರು, ಬರೆದುಕೊಟ್ಟವರು ಅದನ್ನು ಒಪ್ಪಿಕೊಂಡರು ಎಂಬ ವಿವರಗಳು, ಭಾವಚಿತ್ರ, ಹೆಬ್ಬೆರಳ ಗುರುತು ಮತ್ತು ಗುರುತಿಸುವವರ ಸಹಿ ಅಲ್ಲಿ ಕಾಣುತ್ತವೆ. ಆದರೆ ಇವೆಲ್ಲ ಹಾಜರುಪಡಿಸಿದ್ದಕ್ಕೆ ಸಾಕ್ಷಿ. ನೋಂದಣಿ ಮುಗಿದದ್ದಕ್ಕೆ ಸಾಕ್ಷಿಯೆಂದರೆ 60ನೇ ಕಲಮಿನಂತೆ ಬರೆಯುವ ಪ್ರಮಾಣಪತ್ರ: ಇಂತಹ ಪುಸ್ತಕದಲ್ಲಿ, ಇಂತಹ ನಂಬರಿನಲ್ಲಿ, ಇಂತಹ ದಿನಾಂಕದಂದು ನೋಂದಾಯಿಸಲಾಗಿದೆ ಎಂಬ ಒಕ್ಕಣೆ, ಅದರ ಕೆಳಗೆ ಅಧಿಕಾರಿಯ ಸಹಿ ಮತ್ತು ಮೊಹರು. ಆಸ್ತಿಗೆ ಬೆಲೆ ಕಡಿಮೆ ತೋರಿಸಲಾಗಿದೆ ಎಂಬ ಕಾರಣಕ್ಕೆ ಕೆಲವು ದಸ್ತಾವೇಜುಗಳನ್ನು ಬಾಕಿ ಇರಿಸಲಾಗುತ್ತದೆ. ಅವುಗಳಲ್ಲಿ ಭಾವಚಿತ್ರ, ಬೆರಳಗುರುತುಗಳು ಇದ್ದು, ಈ ಕೊನೆಯ ಒಕ್ಕಣೆ ಮಾತ್ರ ಇರುವುದಿಲ್ಲ.

ಕರ್ನಾಟಕದ ಗಣಕೀಕೃತ ದಸ್ತಾವೇಜು ಸಂಖ್ಯೆಯಲ್ಲಿ ಕ್ರಮವಾಗಿ ಕಚೇರಿಯ ಸಂಕೇತಾಕ್ಷರ, ಪುಸ್ತಕದ ಸಂಖ್ಯೆ, ಕ್ರಮಾಂಕ ಮತ್ತು ಹಣಕಾಸು ವರ್ಷ ಇರುತ್ತವೆ. ನೋಡುವವರು ಹೆಚ್ಚಾಗಿ ಗಮನಿಸದೆ ಬಿಡುವುದು ಪುಸ್ತಕದ ಸಂಖ್ಯೆಯನ್ನು. ಸ್ಥಿರಾಸ್ತಿಯ ಕ್ರಯ, ಗುತ್ತಿಗೆ, ಅಡಮಾನಗಳು 1ನೇ ಪುಸ್ತಕಕ್ಕೆ ಸೇರುತ್ತವೆ. ಸಾಮಾನ್ಯ ಮುಖ್ತಿಯಾರನಾಮೆಯಂತಹವು 4ನೇ ಪುಸ್ತಕಕ್ಕೆ. 'ರಿಜಿಸ್ಟ್ರಿ ಆಗಿದೆ' ಎಂದು ತೋರಿಸಿದ ಕಾಗದದ ಸಂಖ್ಯೆಯಲ್ಲಿ 4 ಇದ್ದರೆ, ನೋಂದಣಿಯಾಗಿರುವುದು ನಿಜವಿರಬಹುದು. ಆದರೆ ಅದು ಕ್ರಯಪತ್ರವಲ್ಲ. ಮುಖ್ತಿಯಾರನಾಮೆಯ ಮೂಲಕ ನಡೆಯುವ ಇಂತಹ 'ಮಾರಾಟ'ದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

## ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು

ಕಾಯ್ದೆಯ 57ನೇ ಕಲಮಿನಂತೆ, 1ನೇ ಪುಸ್ತಕ ಮತ್ತು ಅದರ ಅನುಕ್ರಮಣಿಕೆಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ದೃಢೀಕೃತ ನಕಲನ್ನೂ ಪಡೆಯಬಹುದು. ಆಸ್ತಿಯ ಮಾಲೀಕನ ಒಪ್ಪಿಗೆ ಬೇಕಿಲ್ಲ. 4ನೇ ಪುಸ್ತಕದ ನಕಲು ಮಾತ್ರ ಬರೆದುಕೊಟ್ಟವರಿಗೆ, ಅದರಿಂದ ಹಕ್ಕು ಪಡೆಯುವವರಿಗೆ ಮತ್ತು ಅವರ ಪ್ರತಿನಿಧಿಗಳಿಗೆ ಸಿಗುತ್ತದೆ.

ಪರಿಶೀಲನೆಗೆ ಎರಡು ದಾರಿಗಳಿವೆ. ಮೊದಲನೆಯದು ಋಣಭಾರ ಪ್ರಮಾಣಪತ್ರ, ಅಂದರೆ ಜನರು 'ಇಸಿ' ಎನ್ನುವುದು. ಇದರಲ್ಲಿ ಹುಡುಕಾಟವು ಆಸ್ತಿಯ ವಿವರದಿಂದ ಆರಂಭವಾಗುತ್ತದೆ. ಕೇಳಿದ ಅವಧಿಯಲ್ಲಿ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ ಅವುಗಳ ಪಟ್ಟಿ, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಎರಡನೆಯದು ದೃಢೀಕೃತ ನಕಲು. ಇದರ ಹುಡುಕಾಟ ದಸ್ತಾವೇಜಿನ ಸಂಖ್ಯೆಯಿಂದ. ಎರಡಕ್ಕೂ ಕಚೇರಿಯಲ್ಲಿ ಅಥವಾ `kaveri.karnataka.gov.in` ಜಾಲತಾಣದ ಮೂಲಕ ಅರ್ಜಿ ಕೊಡಬಹುದು. ಗಣಕದಲ್ಲಿ ಹುಡುಕಬಹುದಾದ ದಾಖಲೆಗಳು 2004ರ ಏಪ್ರಿಲ್ 1ರ ನಂತರದವು. ಅದಕ್ಕಿಂತ ಹಿಂದಿನದಕ್ಕೆ ಕಚೇರಿಯಲ್ಲಿ ಕೈಬರಹದ ಅನುಕ್ರಮಣಿಕೆಯನ್ನು ಹುಡುಕಿಸಬೇಕು. 1956ರವರೆಗೆ ಬೀದರ್ ಹೈದರಾಬಾದಿಗೆ ಸೇರಿದ್ದರಿಂದ, ನಿಜಾಮರ ಕಾಲದ ಕಾಗದಗಳಿಗೆ ಉರ್ದು ಓದಬಲ್ಲವರ ನೆರವು ಬೇಕಾಗುತ್ತದೆ.

ಈ ಎರಡು ದಾರಿಗಳು ಒಂದಕ್ಕೊಂದು ಬದಲಿಯಲ್ಲ. ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಬೀದರ್‌ನ ಒಬ್ಬರು ಭಾಲ್ಕಿ ಪಟ್ಟಣದಲ್ಲಿ ನಿವೇಶನ ಕೊಳ್ಳಲು ಹೊರಟಿದ್ದಾರೆ. ಮಾರುವವರು 2016ರ ಕ್ರಯಪತ್ರದ ಜೆರಾಕ್ಸ್ ತೋರಿಸುತ್ತಾರೆ. ಕೊಳ್ಳುವವರು ಪುರಸಭೆಯ ಆಸ್ತಿ ಸಂಖ್ಯೆಯನ್ನು ಕೊಟ್ಟು, 2004ರಿಂದ ಈವರೆಗಿನ ಇಸಿಗೆ ಅರ್ಜಿ ಹಾಕುತ್ತಾರೆ. ಬಂದದ್ದು ನಮೂನೆ 16. 2016ರ ಕ್ರಯವೇ ಅದರಲ್ಲಿಲ್ಲ. ಜೆರಾಕ್ಸ್ ನಕಲಿ ಎಂದು ಇಲ್ಲಿಗೇ ತೀರ್ಮಾನಿಸುವಂತಿಲ್ಲ. ಆಸ್ತಿಗೆ ಯಾವ ಸಾಲವೂ ಇಲ್ಲ ಎಂದು ನೆಮ್ಮದಿಪಡುವಂತೆಯೂ ಇಲ್ಲ.

ಅವರು ಜೆರಾಕ್ಸಿನಲ್ಲಿದ್ದ ದಸ್ತಾವೇಜು ಸಂಖ್ಯೆಯ ದೃಢೀಕೃತ ನಕಲನ್ನು ಪಡೆಯುತ್ತಾರೆ. ಹೆಸರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವೂ ಜೆರಾಕ್ಸಿಗೆ ಹೊಂದುತ್ತವೆ. ಆದರೆ ಆಸ್ತಿಯನ್ನು ಅದರಲ್ಲಿ ಪುರಸಭೆಯ ಸಂಖ್ಯೆಯಿಂದಲ್ಲ, ಸರ್ವೆ ನಂಬರು ಮತ್ತು ಪ್ಲಾಟ್ ನಂಬರಿನಿಂದ ವಿವರಿಸಲಾಗಿದೆ. ಅದೇ ವಿವರದಿಂದ ಎರಡನೆಯ ಸಲ ಇಸಿ ಕೇಳಿದಾಗ ಎರಡು ವ್ಯವಹಾರಗಳು ಕಾಣಿಸುತ್ತವೆ: 2016ರ ಕ್ರಯ ಮತ್ತು 2019ರಲ್ಲಿ ಬರೆದುಕೊಟ್ಟ, ಇನ್ನೂ ಬಿಡುಗಡೆಯಾಗದ ಒಂದು ಅಡಮಾನ. ಮೊದಲಿನ ನಮೂನೆ 16ನ್ನು ನಂಬಿ ಹಣ ಕೊಟ್ಟಿದ್ದರೆ ಈ ಸಾಲ ನಿವೇಶನದೊಂದಿಗೇ ಬರುತ್ತಿತ್ತು. ನಕಲು ಬೇರೊಂದು ಊರಿನ, ಬೇರೆಯವರ ಆಸ್ತಿಯದ್ದಾಗಿದ್ದಲ್ಲಿ ಮಾತ್ರ ಜೆರಾಕ್ಸನ್ನು ತಿದ್ದಿದ್ದಾರೆ ಎಂಬ ಸಂಶಯಕ್ಕೆ ಬಲ ಬರುತ್ತಿತ್ತು.

ಔರಾದ ಕಡೆಯ ಆಸ್ತಿಗಳಲ್ಲಿ ಇದೇ ಬಗೆಯ ತೊಡಕು ತಾಲ್ಲೂಕಿನ ಹೆಸರಿನಿಂದಲೂ ಬರಬಹುದು. ಕಮಲನಗರ ಈಗ ಪ್ರತ್ಯೇಕ ತಾಲ್ಲೂಕು. ಹಳೆಯ ದಸ್ತಾವೇಜುಗಳಲ್ಲಿ ಅಲ್ಲಿನ ಜಮೀನು ಔರಾದ ತಾಲ್ಲೂಕೆಂದೇ ಇರುತ್ತದೆ. ಪೋಡಿಯಾದ ಜಮೀನಿನ ಹಿಸ್ಸಾ ಸಂಖ್ಯೆಯೂ ಬದಲಾಗಿರುತ್ತದೆ. ಹಳೆಯ ಮತ್ತು ಹೊಸ ಸಂಖ್ಯೆ ಎರಡರಿಂದಲೂ ಹುಡುಕಿಸಬೇಕು. ಇದಲ್ಲದೆ, 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವುದೇ ಕಚೇರಿಯಲ್ಲಿ ನೋಂದಾಯಿಸುವ ಅವಕಾಶವಿದೆ. ಆದ್ದರಿಂದ ಔರಾದ ಜಮೀನಿನ ಹೊಸ ಕ್ರಯಪತ್ರಕ್ಕೆ ಬೀದರ್ ಕಚೇರಿಯ ಮೊಹರಿದ್ದರೆ ಅದೊಂದೇ ಸಂಶಯಕ್ಕೆ ಕಾರಣವಲ್ಲ. ಗಡಿಯಾಚೆಯ ಮಹಾರಾಷ್ಟ್ರದ ಕಚೇರಿಯೊಂದರ ಮೊಹರು ಮಾತ್ರ ಇದ್ದರೆ ವಿಚಾರಿಸಲೇಬೇಕು, ಏಕೆಂದರೆ 28ನೇ ಕಲಮು ನೋಂದಣಿಯ ಸ್ಥಳವನ್ನು ಆಸ್ತಿ ಇರುವ ಸ್ಥಳಕ್ಕೆ ಕಟ್ಟಿಹಾಕಿದೆ.

## ನೋಂದಣಿಯಾಗಿಲ್ಲವೆಂದು ತಿಳಿದಾಗ

ದಸ್ತಾವೇಜಿಗೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ಹಾಜರುಪಡಿಸಬೇಕು. ಅನಿವಾರ್ಯ ಕಾರಣದಿಂದ ತಡವಾದರೆ ಇನ್ನೂ ನಾಲ್ಕು ತಿಂಗಳವರೆಗೆ ದಂಡ ಸಹಿತ ಅನುಮತಿ ಕೇಳಬಹುದು. ದಂಡವು ನೋಂದಣಿ ಶುಲ್ಕದ ಹತ್ತು ಪಟ್ಟನ್ನು ಮೀರುವಂತಿಲ್ಲ. ಆ ಅವಧಿಯೂ ಕಳೆದಿದ್ದರೆ ಉಭಯ ಪಕ್ಷಗಳು ಹೊಸ ದಸ್ತಾವೇಜು ಬರೆದು ನೋಂದಾಯಿಸಬೇಕಾಗುತ್ತದೆ.