ಐದು ನಿಮಿಷದಲ್ಲಿ ಮಡಕೆಯ ಗುಟ್ಟು

ಮಕ್ಕಳೇ, ಶಾಲೆಯ ವಿಜ್ಞಾನ ಭಾಷಣ ಸ್ಪರ್ಧೆಗೆ ‘ನೀರು’ ಎಂಬ ವಿಷಯ ಕೊಟ್ಟಿದ್ದಾರೆ ಅಂದುಕೊಳ್ಳಿ. ಜಲಚಕ್ರ, ಮಳೆಕೊಯ್ಲು, ಮಾಲಿನ್ಯ ಎಲ್ಲವನ್ನೂ ಹೇಳಹೊರಟರೆ, ಗಂಟೆ ಬಾರಿಸುವಾಗ ನೀವಿನ್ನೂ ಮಳೆಯಲ್ಲೇ ನಿಂತಿರುತ್ತೀರಿ! ಒಂದೇ ಪ್ರಶ್ನೆ ಹಿಡಿಯಿರಿ: ಮಡಕೆಯ ನೀರು ಏಕೆ ತಣ್ಣಗಿರುತ್ತದೆ?

ಮೊದಲ ಕೆಲಸ ಮನೆಯಲ್ಲಿ. ಬೆಳಿಗ್ಗೆ ಒಂದೇ ನಲ್ಲಿಯ ನೀರನ್ನು ಮಡಕೆಗೂ ಸ್ಟೀಲ್ ಪಾತ್ರೆಗೂ ಸಮನಾಗಿ ತುಂಬಿ, ಎರಡನ್ನೂ ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಮಧ್ಯಾಹ್ನ ಎರಡರ ಉಷ್ಣತೆಯನ್ನೂ ಅಳೆದು ಬರೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಅದರ ಅಂಕಿಗಳು ಸುಮಾರು 35 ಡಿಗ್ರಿಯಿಂದಲೇ ಶುರುವಾಗುತ್ತವೆ. ಶಾಲೆಯ ಪ್ರಯೋಗಾಲಯದ್ದನ್ನು ಟೀಚರನ್ನು ಕೇಳಿ ಪಡೆಯಿರಿ. ಸಿಕ್ಕ ಎರಡು ಅಂಕಿಗಳನ್ನು ಹಿಂದಿನ ಬೆಂಚಿಗೂ ಕಾಣುವಷ್ಟು ದಪ್ಪಗೆ ಒಂದು ಚಾರ್ಟಿನಲ್ಲಿ ಬರೆಯಿರಿ.

ಇನ್ನು ವೇದಿಕೆ. ಐದು ನಿಮಿಷದಲ್ಲಿ ಮಡಕೆಯ ನೀರು ತಣ್ಣಗಾಗದು. ಆದ್ದರಿಂದ ಪ್ರಶ್ನೆ ಕೇಳಿದ ಕೂಡಲೇ ಸಭೆಯಿಂದ ಒಬ್ಬ ಗೆಳೆಯನನ್ನು ಕರೆಯಿರಿ. ಅವನ ಒಂದು ಕೈ ಮೇಲೆ ಒದ್ದೆ ಬಟ್ಟೆ ಸವರಿ, ಎರಡೂ ಕೈಗಳ ಮೇಲೆ ಊದಿಕೊಳ್ಳಲು ಹೇಳಿ. ಊದಿದ ಗಾಳಿ ಒಂದೇ, ಆದರೆ ಒದ್ದೆ ಕೈಯೇ ಹೆಚ್ಚು ತಣ್ಣಗೆನಿಸುತ್ತದೆ. ಆಮೇಲೆ ಚಾರ್ಟ್ ತೋರಿಸಿ. ಇಷ್ಟಕ್ಕೆ ಒಂದೂವರೆ ನಿಮಿಷ.

ಮುಂದಿನ ಎರಡು ನಿಮಿಷ ಕಾರಣಕ್ಕೆ. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಬಹುಮಟ್ಟಿಗೆ ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಬೇಕಾಗುವ ಶಾಖವನ್ನು ಅರ್ಧ ಲೀಟರ್ ನೀರಿನಿಂದ ತೆಗೆದರೆ, ಆ ನೀರು ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಣ್ಣಗಾಗುತ್ತದೆ. ಸ್ಟೀಲ್ ಪಾತ್ರೆಯ ಮೈಯಿಂದ ನೀರು ಜಿನುಗುವುದಿಲ್ಲ.

ಕೊನೆಯ ಒಂದು ನಿಮಿಷದಲ್ಲಿ, ಮಡಕೆ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಿ. ಕಲಬುರಗಿಯ ಒಣ ಬೇಸಿಗೆಯಲ್ಲಿ ಅದು ಚೆನ್ನಾಗಿ ತಂಪಾಗಿಸುತ್ತದೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ನೀರು ನಿಧಾನವಾಗಿ ಆವಿಯಾಗುತ್ತದೆ, ತಂಪೂ ಕಡಿಮೆ. ಹಳೆಯ ಮಡಕೆಯ ರಂಧ್ರಗಳು ಲವಣ ಕಟ್ಟಿ ಮುಚ್ಚಿಹೋದರೂ ಹಾಗೆಯೇ. ಹೊರಮೈ ಒಣಗಿಯೇ ಇದ್ದರೆ ಅದೇ ಗುರುತು. ತೀರ್ಪುಗಾರರ ಪ್ರಶ್ನೆ ಹೆಚ್ಚಾಗಿ ಬರುವುದು ಇಲ್ಲಿಂದಲೇ.

ಉಳಿದ ಅರ್ಧ ನಿಮಿಷವನ್ನು ಖಾಲಿ ಬಿಡಿ. ಗೆಳೆಯ ಎದ್ದು ಬರಲು, ಸಭೆ ನಗಲು ಅದು ಬೇಕು. ಮನೆಯಲ್ಲಿ ಗಡಿಯಾರ ಇಟ್ಟು ಅಭ್ಯಾಸ ಮಾಡುವಾಗ ನಾಲ್ಕೂವರೆ ನಿಮಿಷ ದಾಟಿದರೆ ಕಾರಣದ ಭಾಗದಲ್ಲಿ ಎರಡು ವಾಕ್ಯ ಕತ್ತರಿಸಿ; ವೇಗ ಹೆಚ್ಚಿಸಬೇಡಿ.

ಅಜ್ಜ ಅಜ್ಜಿಯರೇ, ನಿಮ್ಮದೊಂದು ಕೆಲಸವಿದೆ. ಮೊಮ್ಮಗಳು ಹೇಳಿ ಮುಗಿಸಿದ ಮೇಲೆ ‘ಚೆನ್ನಾಗಿತ್ತು’ ಅನ್ನಬೇಡಿ. ಮಡಕೆ ಏಕೆ ತಣ್ಣಗಾಗುತ್ತದೆ ಎಂಬುದನ್ನು ನಿಮ್ಮ ಮಾತಿನಲ್ಲಿ ಅವಳಿಗೇ ತಿರುಗಿ ಹೇಳಿ. ನೀವು ತಡವರಿಸಿದ ಜಾಗವನ್ನೇ ಅವಳು ಮತ್ತೆ ತಿದ್ದಬೇಕು.